ಡೈರೆಕ್ಟರುಗಳ ಹೊಣೆಗಾರಿಕೆ ವಿಮೆ: ನವೀಕರಣದಲ್ಲಿ ಲಿಮಿಟ್ ಬದಲಾದಾಗ ಬೋರ್ಡಿನವರು ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಪ್ರೈವೇಟ್ ಲಿಮಿಟೆಡ್ ಕಂಪನಿಗಳ ಬೋರ್ಡಿನಲ್ಲಿ ಮಾತುಕತೆ ನಡೆಯುವುದು ಕನ್ನಡ, ತುಳು, ಮಲೆಯಾಳದಲ್ಲಿ. ಆದರೆ ಡೈರೆಕ್ಟರುಗಳ ಹೊಣೆಗಾರಿಕೆ ವಿಮೆಯ ಪಾಲಿಸಿ ಬರುವುದು ಹತ್ತಾರು ಪುಟಗಳ ಇಂಗ್ಲಿಷಿನಲ್ಲಿ. ಇದನ್ನು ಎಲ್ಲರೂ 'ಡಿ ಆ್ಯಂಡ್ ಓ ಪಾಲಿಸಿ' ಎನ್ನುತ್ತಾರೆ. ನವೀಕರಣದ ಹೊತ್ತಿಗೆ ಬೋರ್ಡಿನ ಮೇಜಿನ ಮೇಲೆ ಪ್ರೀಮಿಯಂ ಅಂಕಿ ಮಾತ್ರ ಇರುತ್ತದೆ. ಲಿಮಿಟ್, ಅಂದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತ, ಬದಲಾದರೆ ಹಿಂದಿನ ವರ್ಷಗಳ ನಿರ್ಧಾರಗಳಿಗೂ ರಕ್ಷಣೆ ಬದಲಾಗುತ್ತದೆ ಎಂಬುದನ್ನು ಯಾರೂ ಹೇಳಿರುವುದಿಲ್ಲ. ಇಲ್ಲಿ ಆ ಒಂದು ವಿಷಯವನ್ನೇ ಬಿಡಿಸಿ ಹೇಳಿದ್ದೇವೆ.

ಅರ್ಥವಾಗಲು ಒಂದು ಕಲ್ಪಿತ ಕಂಪನಿಯನ್ನು ಇಟ್ಟುಕೊಳ್ಳೋಣ. ಸೀತಾಂಗೋಳಿ ಬದಿಯಲ್ಲಿ ಹಾಳೆತಟ್ಟೆ ಮತ್ತು ತೆಂಗಿನ ಉತ್ಪನ್ನ ತಯಾರಿಸಿ ಹೊರದೇಶಕ್ಕೆ ಕಳಿಸುವ ಕಂಪನಿ ಅದು. ಏಳು ಮಂದಿ ಡೈರೆಕ್ಟರುಗಳು. ಪಾಲಿಸಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಳೆಯ ಲಿಮಿಟ್ 10 ಕೋಟಿ ರೂಪಾಯಿ, ಹೊಸ ಕೊಟೇಶನ್ನಿನಲ್ಲಿ 6 ಕೋಟಿ. ಪ್ರತಿ ಕ್ಲೇಮಿನಲ್ಲಿ ಕಂಪನಿ ತಾನೇ ಭರಿಸಬೇಕಾದ ಮೊತ್ತ 5 ಲಕ್ಷದಿಂದ 10 ಲಕ್ಷಕ್ಕೆ ಏರಿದೆ. ನೌಕರರ ದೂರುಗಳಿಗೆ ಇದ್ದ ಒಳಲಿಮಿಟ್ 2 ಕೋಟಿಯಿಂದ 50 ಲಕ್ಷಕ್ಕೆ ಇಳಿದಿದೆ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಪಾಲಿಸಿಯ ಷೆಡ್ಯೂಲಿನಲ್ಲಿ ಬೇರೆ ಇರುತ್ತವೆ.

ಈ ಪಾಲಿಸಿ ಕಾಯುವುದು ಕಂಪನಿಯನ್ನೋ, ಡೈರೆಕ್ಟರನ್ನೋ?

ಮುಖ್ಯವಾಗಿ ಡೈರೆಕ್ಟರನ್ನು, ಅಂದರೆ ಅವರ ಸ್ವಂತ ಮನೆ, ತೋಟ, ಉಳಿತಾಯವನ್ನು. ಡೈರೆಕ್ಟರಾಗಿ ತೆಗೆದುಕೊಂಡ ನಿರ್ಧಾರದಲ್ಲಿ ತಪ್ಪಾಯಿತು, ಅಜಾಗ್ರತೆ ಆಯಿತು, ಸುಳ್ಳು ಮಾಹಿತಿ ಕೊಟ್ಟಿರಿ ಎಂದು ಯಾರಾದರೂ ಹೆಸರು ಹಾಕಿ ಕೇಸು ಹೂಡಿದರೆ ವಕೀಲರ ಖರ್ಚನ್ನೂ, ಕೋರ್ಟು ವಿಧಿಸಿದ ಅಥವಾ ರಾಜಿಯಲ್ಲಿ ಒಪ್ಪಿದ ಪರಿಹಾರವನ್ನೂ ಪಾಲಿಸಿ ಕೊಡುತ್ತದೆ.

ಹಣ ಹೋಗುವ ದಾರಿ ಎರಡು. ಕಂಪನಿ ತಾನೇ ಡೈರೆಕ್ಟರ ಖರ್ಚು ಕೊಟ್ಟು, ಆಮೇಲೆ ವಿಮಾ ಕಂಪನಿಯಿಂದ ಅದನ್ನು ಪಡೆದುಕೊಳ್ಳುವುದು 'ಸೈಡ್ ಬಿ'. ಕಂಪನಿಗೆ ಕೊಡಲು ಆಗದಿದ್ದಾಗ ವಿಮಾ ಕಂಪನಿ ನೇರವಾಗಿ ಡೈರೆಕ್ಟರಿಗೆ ಕೊಡುವುದು 'ಸೈಡ್ ಎ'. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದಾಗ ಅದರ ಖಜಾನೆ ಡೈರೆಕ್ಟರುಗಳ ಕೈಯಲ್ಲಿ ಇರುವುದಿಲ್ಲ. ಆಗ ಉಳಿಯುವುದು ಸೈಡ್ ಎ ಒಂದೇ. ಹಾಗಾಗಿ ಪಾಲಿಸಿಯನ್ನು ಓದುವಾಗ ಮೊದಲು ನೋಡಬೇಕಾದ ಪುಟ ಅದು. 'ಸೈಡ್ ಸಿ' ಎಂಬುದು ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಇರುವ ಕಂಪನಿಗಳ ಷೇರು ವ್ಯವಹಾರದ ಕೇಸುಗಳಿಗೆ. ನಮ್ಮ ಉದಾಹರಣೆಗೆ ಅದು ಬೇಡ.

10 ಕೋಟಿ ಎಂದರೆ ಏಳು ಮಂದಿಗೆ ತಲಾ 10 ಕೋಟಿಯೇ?

ಅಲ್ಲ. ಎಲ್ಲರಿಗೂ, ಇಡೀ ವರ್ಷಕ್ಕೆ, ಎಲ್ಲ ಕ್ಲೇಮುಗಳಿಗೂ ಸೇರಿ ಒಟ್ಟು 10 ಕೋಟಿ. ನಮ್ಮಲ್ಲಿ ಒಂದು ಸುರಂಗದ ನೀರು ಒಂದೇ ಟಾಂಕಿಗೆ ಬಿದ್ದು, ಅಲ್ಲಿಂದ ನಾಲ್ಕಾರು ಮನೆಗಳಿಗೆ ಹೋಗುತ್ತದಲ್ಲ, ಹಾಗೆ. ಮೇಲಿನ ಮನೆಯವರು ಹೆಚ್ಚು ಬಳಸಿದರೆ ಕೆಳಗಿನ ಮನೆಗೆ ಅಷ್ಟು ಕಡಿಮೆ. ಈ ಟಾಂಕಿ ತುಂಬುವುದು ವರ್ಷಕ್ಕೆ ಒಂದೇ ಸಲ.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಸಾಮಾನ್ಯ ಡಿ ಆ್ಯಂಡ್ ಓ ಪಾಲಿಸಿಗಳಲ್ಲಿ ವಕೀಲರ ಫೀಸೂ ಇದೇ ಲಿಮಿಟಿನ ಒಳಗಿನದು. ಕೇರಳದಲ್ಲಿ ನೋಂದಣಿಯಾದ ಕಂಪನಿಗೆ ಕಂಪನಿ ಕಾನೂನು ನ್ಯಾಯಮಂಡಳಿಯ ಪೀಠ ಇರುವುದು ಕೊಚ್ಚಿಯಲ್ಲಿ, ಹೈಕೋರ್ಟು ಎರ್ನಾಕುಳಂನಲ್ಲಿ. ಡೈರೆಕ್ಟರುಗಳ ಹಿತ ಒಂದಕ್ಕೊಂದು ವಿರುದ್ಧವಾಗಿದ್ದರೆ ಒಬ್ಬೊಬ್ಬರಿಗೂ ಬೇರೆ ಬೇರೆ ವಕೀಲರು ಬೇಕಾಗುತ್ತದೆ. ಪರಿಹಾರದ ಮಾತು ಬರುವ ಮೊದಲೇ ಟಾಂಕಿ ಒಂದಷ್ಟು ಖಾಲಿಯಾಗಿರುತ್ತದೆ.

ನಿರ್ಧಾರ ತೆಗೆದುಕೊಂಡಾಗ ಲಿಮಿಟ್ 10 ಕೋಟಿ ಇತ್ತು. ಈಗ 6 ಕೋಟಿ. ಹಳೆಯ ನಿರ್ಧಾರದ ಮೇಲೆ ಈಗ ಕೇಸು ಬಂದರೆ ಯಾವ ಲಿಮಿಟ್?

6 ಕೋಟಿ. ಈ ಪುಟದಿಂದ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬೆಂಕಿ ವಿಮೆಯಲ್ಲಿ ಬೆಂಕಿ ಬಿದ್ದ ದಿನ ಯಾವ ಪಾಲಿಸಿ ಇತ್ತೋ ಅದೇ ಲೆಕ್ಕ. ಡಿ ಆ್ಯಂಡ್ ಓ ಹಾಗಲ್ಲ. ಇಲ್ಲಿ ತಪ್ಪು ನಡೆದ ದಿನ ಮುಖ್ಯವಲ್ಲ. ಕ್ಲೇಮು ಮೊದಲ ಬಾರಿ ನಿಮ್ಮ ಕೈಗೆ ಬಂದ ದಿನ ಮುಖ್ಯ. ಕ್ಲೇಮು ಎಂದರೆ ಕೋರ್ಟಿನ ಸಮನ್ಸ್ ಮಾತ್ರ ಎಂದು ತಿಳಿಯಬೇಡಿ. ಹಣ ಕೇಳಿ ಬಂದ ವಕೀಲರ ನೋಟೀಸೂ ಸಾಮಾನ್ಯವಾಗಿ ಕ್ಲೇಮೇ.

ನಮ್ಮ ಕಂಪನಿ 2022ರಲ್ಲಿ ಹೊರಗಿನ ಒಬ್ಬ ಹೂಡಿಕೆದಾರರಿಗೆ ಷೇರು ಕೊಟ್ಟಿತ್ತು ಎನ್ನೋಣ. ಆ ಹೊತ್ತಿಗೆ ಒಂದು ದೊಡ್ಡ ರಫ್ತು ಸರಕು ಬೂಸಲು ಬಂದು ವಾಪಸಾಗುವ ಸ್ಥಿತಿಯಲ್ಲಿತ್ತು, ಅದನ್ನು ಮುಚ್ಚಿಟ್ಟರು ಎಂದು ಆ ಹೂಡಿಕೆದಾರರು ಮೂವರು ಡೈರೆಕ್ಟರುಗಳ ಮೇಲೆ ಆರೋಪಿಸುತ್ತಾರೆ. ಅವರ ವಕೀಲರ ನೋಟೀಸು ಮಾರ್ಚ್ 20ಕ್ಕೆ ಬಂದು, ಅದನ್ನು ಆಗಲೇ ತಿಳಿಸಿದರೆ ಹಳೆಯ ಪಾಲಿಸಿಯ 10 ಕೋಟಿಯಲ್ಲಿ ಕ್ಲೇಮು. ಏಪ್ರಿಲ್ 10ಕ್ಕೆ ಬಂದರೆ ಹೊಸ ಪಾಲಿಸಿಯ 6 ಕೋಟಿಯಲ್ಲಿ. ಮೂರು ವಾರದ ಅಂತರಕ್ಕೆ 4 ಕೋಟಿಯ ವ್ಯತ್ಯಾಸ. 2022ರಲ್ಲಿ ಕಟ್ಟಿದ ಪ್ರೀಮಿಯಂ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಲಿಮಿಟ್ ಇಳಿಸುವ ಠರಾವು ಬರುವ ವರ್ಷಕ್ಕೆ ಮಾತ್ರ ಅನ್ವಯಿಸುತ್ತದೆ ಎಂದು ಭಾವಿಸಿ ಒಪ್ಪಿಕೊಳ್ಳುವ ಬೋರ್ಡುಗಳು ಎಡವುವುದು ಇಲ್ಲೇ. ನಿಜದಲ್ಲಿ ಆ ಠರಾವು, ಇನ್ನೂ ಕ್ಲೇಮು ಬರದ ಎಲ್ಲ ಹಳೆಯ ನಿರ್ಧಾರಗಳ ರಕ್ಷಣೆಯನ್ನೂ ಇಳಿಸುತ್ತದೆ.

ನೋಟೀಸು ಇನ್ನೂ ಬಂದಿಲ್ಲ, ಆದರೆ ಬರಬಹುದು ಅನ್ನಿಸುತ್ತಿದೆ. ಮಾರ್ಚ್ 31ರೊಳಗೆ ಏನಾದರೂ ಮಾಡಬಹುದೇ?

ಖಂಡಿತ ಮಾಡಬಹುದು. ಲಿಮಿಟ್ ಇಳಿಯುವ ವರ್ಷದಲ್ಲಿ ಬೋರ್ಡಿನ ಕೈಯಲ್ಲಿರುವ ಅತ್ಯಂತ ಬೆಲೆಯುಳ್ಳ ಕೆಲಸ ಇದು, ಖರ್ಚೂ ಇಲ್ಲ. ಮುಂದೆ ಕ್ಲೇಮಿಗೆ ದಾರಿಯಾಗಬಹುದಾದ ಸಂದರ್ಭವನ್ನು ಪಾಲಿಸಿ ಮುಗಿಯುವ ಮೊದಲೇ ವಿಮಾ ಕಂಪನಿಗೆ ಬರೆದು ತಿಳಿಸಲು ಹೆಚ್ಚಿನ ಪಾಲಿಸಿಗಳು ಅವಕಾಶ ಕೊಡುತ್ತವೆ. ಹಾಗೆ ತಿಳಿಸಿದರೆ, ಕೇಸು ಎರಡು ವರ್ಷ ಬಿಟ್ಟು ಬಂದರೂ ತಿಳಿಸಿದ ವರ್ಷದ ಪಾಲಿಸಿಯೇ, ಅಂದರೆ 10 ಕೋಟಿಯ ಪಾಲಿಸಿಯೇ, ಲೆಕ್ಕಕ್ಕೆ ಬರುತ್ತದೆ.

'ಕೆಲವು ಹೂಡಿಕೆದಾರರಿಗೆ ಅಸಮಾಧಾನ ಉಂಟು' ಎಂದು ಒಂದು ಸಾಲು ಬರೆದರೆ ವಿಮಾ ಕಂಪನಿ ಅದನ್ನು ತಳ್ಳಿಹಾಕುತ್ತದೆ. ಪತ್ರದಲ್ಲಿ ಪಾಲಿಸಿ ನಂಬರು ಇರಬೇಕು. ಏನು ನಡೆಯಿತು, ಯಾವ ತಾರೀಕಿಗೆ, ಯಾವ ಡೈರೆಕ್ಟರುಗಳು ಅದರಲ್ಲಿ ಇದ್ದರು, ಯಾರು ಕ್ಲೇಮು ಹೂಡಬಹುದು, ಏಕೆ ಹಾಗೆ ಅನ್ನಿಸುತ್ತದೆ, ಸುಮಾರು ಎಷ್ಟು ಹಣದ ವಿಷಯ, ಇದು ನಿಮಗೆ ಮೊದಲು ತಿಳಿದದ್ದು ಹೇಗೆ ಎಂದು ಬಿಡಿಸಿ ಬರೆಯಬೇಕು. ನಮ್ಮ ಉದಾಹರಣೆಯಲ್ಲಾದರೆ ಹೂಡಿಕೆದಾರರು ಲೆಕ್ಕ ಕೇಳಿ ಕಳಿಸಿದ ಇಮೇಲ್, ಸರಕು ವಾಪಸಾದ ದಾಖಲೆ, ಷೇರು ಕೊಟ್ಟ ಸಭೆಯ ನಡಾವಳಿ ಮೂರನ್ನೂ ಜೊತೆಗೆ ಇಡಬೇಕು. ತಪ್ಪು ಒಪ್ಪಿಕೊಂಡಂತೆ ಬರೆಯಬಾರದು. 'ಹೀಗೆ ಆರೋಪ ಬರಬಹುದು' ಎಂದರೆ ಸಾಕು.

ಪತ್ರ ಹೋಗಬೇಕಾದದ್ದು ಷೆಡ್ಯೂಲಿನಲ್ಲಿ ಕೊಟ್ಟಿರುವ ವಿಮಾ ಕಂಪನಿಯ ವಿಳಾಸಕ್ಕೆ ಅಥವಾ ಇಮೇಲಿಗೆ. ಮಂಗಳೂರಿನ ಬ್ರೋಕರಿಗೆ ಫೋನಿನಲ್ಲಿ ಹೇಳಿದ್ದೇವೆ ಎಂದರೆ ಆಗುವುದಿಲ್ಲ. ಬ್ರೋಕರು ಕೆಲಸ ಮಾಡುವುದು ನಿಮ್ಮ ಪರವಾಗಿ. ಅವರಿಗೆ ತಿಳಿದರೆ ವಿಮಾ ಕಂಪನಿಗೆ ತಿಳಿದಂತೆ ಆಗದು. ಅವರ ಮೂಲಕ ಕಳಿಸಿದರೂ ವಿಮಾ ಕಂಪನಿಯಿಂದ 'ತಲುಪಿದೆ' ಎಂಬ ಉತ್ತರವನ್ನು ಮಾರ್ಚ್ 31ರೊಳಗೆ ಕೇಳಿ ಪಡೆದು ಫೈಲಿನಲ್ಲಿ ಇಡಿ. ವಿಷಯ ಹುಡುಕುವ ಕೆಲಸವನ್ನು ಮಾರ್ಚ್ ಮೊದಲ ವಾರವೇ ಶುರು ಮಾಡುವುದು ಒಳ್ಳೆಯದು. ಪ್ರತಿ ಡೈರೆಕ್ಟರ್, ಲೆಕ್ಕಪತ್ರದವರು, ಫ್ಯಾಕ್ಟರಿ ಮ್ಯಾನೇಜರ್ ಎಲ್ಲರಿಗೂ ಬರಹದಲ್ಲೇ ಕೇಳಿ: ಯಾರಿಂದಲಾದರೂ ದೂರು, ಬೆದರಿಕೆ, ಇಲಾಖೆಯ ವಿಚಾರಣೆ ಬಂದಿದೆಯೇ?

ಹೊಸ ಅಂಕಿಗಳಲ್ಲಿ ಒಂದು ಕೆಟ್ಟ ವರ್ಷ ಹೇಗಿರುತ್ತದೆ, ಲೆಕ್ಕ ಹಾಕಿ ತೋರಿಸುತ್ತೀರಾ?

ಹೂಡಿಕೆದಾರರ ಕೇಸು ಏಪ್ರಿಲ್ 10ಕ್ಕೆ ಬಂತು ಎನ್ನೋಣ. ಮೂವರು ಡೈರೆಕ್ಟರುಗಳ ವಕೀಲರ ಖರ್ಚು 1.20 ಕೋಟಿ, ಕೊನೆಗೆ ರಾಜಿಯಲ್ಲಿ 3 ಕೋಟಿ. ಒಟ್ಟು 4.20 ಕೋಟಿ. ಕಂಪನಿ ಡೈರೆಕ್ಟರುಗಳ ಪರವಾಗಿ ಇದನ್ನು ಕೊಟ್ಟು ಆಮೇಲೆ ಪಡೆಯುವುದರಿಂದ, ತಾನೇ ಭರಿಸಬೇಕಾದ 10 ಲಕ್ಷ ಕಳೆಯುತ್ತದೆ. ವಿಮಾ ಕಂಪನಿ ಕೊಡುವುದು 4.10 ಕೋಟಿ. 6 ಕೋಟಿಯಲ್ಲಿ ಉಳಿಯುವುದು 1.90 ಕೋಟಿ.

ಅದೇ ವರ್ಷ ಡಿಸೆಂಬರಿನಲ್ಲಿ ಒಬ್ಬ ಸರಬರಾಜುದಾರ, ಕಂಪನಿಯ ಸ್ಥಿತಿ ಚೆನ್ನಾಗಿದೆ ಎಂದು ನಂಬಿಸಿ ಸಾಲದಲ್ಲಿ ಸರಕು ಪಡೆದರು ಎಂದು ಇಬ್ಬರು ಡೈರೆಕ್ಟರುಗಳ ಮೇಲೆ ಕೇಸು ಹೂಡಿದರು. ಖರ್ಚು, ಪರಿಹಾರ ಸೇರಿ 2.50 ಕೋಟಿ. ಇದಕ್ಕೂ ಮತ್ತೆ 10 ಲಕ್ಷ ಕಳೆದು ಪಾಲಿಸಿಯಿಂದ ಬರಬೇಕಾದದ್ದು 2.40 ಕೋಟಿ. ಆದರೆ ಉಳಿದದ್ದು 1.90 ಕೋಟಿ ಮಾತ್ರ. 50 ಲಕ್ಷ ಕೊರತೆ. ಕಂಪನಿಯ ಹತ್ತಿರ ಹಣವಿದ್ದರೆ ಅದು ತುಂಬುತ್ತದೆ, ಇಲ್ಲದಿದ್ದರೆ ಆ ಇಬ್ಬರ ಸ್ವಂತ ಜೇಬಿನಿಂದ.

ಹಳೆಯ 10 ಕೋಟಿ, 5 ಲಕ್ಷದ ಲೆಕ್ಕದಲ್ಲಿ ಮೊದಲ ಕೇಸಿಗೆ 4.15 ಕೋಟಿ, ಎರಡನೆಯದಕ್ಕೆ 2.45 ಕೋಟಿ ಹೋಗಿ ಇನ್ನೂ 3.40 ಕೋಟಿ ಉಳಿಯುತ್ತಿತ್ತು.

ಎರಡನೆಯ ಕೇಸಿನ ಡೈರೆಕ್ಟರುಗಳಿಗೂ ಮೊದಲ ಕೇಸಿಗೂ ಸಂಬಂಧವೇ ಇರಲಿಲ್ಲ. ಆದರೂ ಟಾಂಕಿ ಖಾಲಿಯಾದದ್ದರ ಭಾರ ಬಿದ್ದದ್ದು ಅವರ ಮೇಲೆ. ದಿನನಿತ್ಯದ ವ್ಯವಹಾರದಲ್ಲಿ ಇಲ್ಲದ ಡೈರೆಕ್ಟರುಗಳು, ಉದಾಹರಣೆಗೆ ನಿವೃತ್ತ ಪ್ರಾಧ್ಯಾಪಕರೋ ಹೂಡಿಕೆದಾರರ ಪ್ರತಿನಿಧಿಯೋ, ಈ ಲೆಕ್ಕವನ್ನು ಮುಂಚಿತವಾಗಿ ನೋಡಲೇಬೇಕು.

ಈ ವರ್ಷ 6 ಕೋಟಿಗೆ ಇಳಿಸಿ, ಮುಂದಿನ ವರ್ಷ ಮತ್ತೆ 10 ಕೋಟಿ ಮಾಡಿದರೆ ಹಳೆಯದೆಲ್ಲ ಸರಿಹೋಗುವುದಿಲ್ಲವೇ?

ಪೂರ್ತಿ ಸರಿಹೋಗುವುದಿಲ್ಲ. ಇಳಿಸುವುದು ಸುಲಭ, ಏರಿಸುವಾಗ ಷರತ್ತು ಬರುತ್ತದೆ. ಹೆಚ್ಚುವರಿ 4 ಕೋಟಿ ಕೊಡುವ ಮೊದಲು ವಿಮಾ ಕಂಪನಿ ಒಂದು ಘೋಷಣೆ ಕೇಳುವುದುಂಟು: 'ಕ್ಲೇಮಿಗೆ ದಾರಿಯಾಗಬಹುದಾದ ಯಾವ ಸಂಗತಿಯೂ ನಮಗೆ ತಿಳಿದಿಲ್ಲ.' ಅದರ ಜೊತೆ, ಇಂತಹ ತಾರೀಕಿಗೆ ಮೊದಲು ನಡೆಯುತ್ತಿದ್ದ ಅಥವಾ ಬಾಕಿಯಿದ್ದ ಕೇಸುಗಳಿಗೆ ಏರಿಸಿದ ಭಾಗ ಅನ್ವಯಿಸದು ಎಂದು ಹೊಸ ತಾರೀಕು ಹಾಕುತ್ತದೆ. ಆಗ ಒಂದೇ ಪಾಲಿಸಿಯಲ್ಲಿ ಎರಡು ತಾರೀಕು ಉಳಿಯುತ್ತವೆ: ಮೊದಲ 6 ಕೋಟಿಗೆ ಹಳೆಯದು, ಮೇಲಿನ 4 ಕೋಟಿಗೆ ಹೊಸದು.

ಆ ಘೋಷಣೆಗೆ ಮ್ಯಾನೇಜಿಂಗ್ ಡೈರೆಕ್ಟರ್ ಒಬ್ಬರೇ ಸಹಿ ಹಾಕಿ ಕಳಿಸುವ ರೂಢಿ ಉಂಟು. ಉಳಿದ ಆರು ಮಂದಿಗೆ ಕೇಳದೆ ಸಹಿ ಹಾಕಬಾರದು. ಒಬ್ಬರ ತಿಳಿವಳಿಕೆಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ ಎಂಬ ಕಲಮು ಪಾಲಿಸಿಯಲ್ಲಿ ಇದೆಯೇ, ಮತ್ತು ಅದು ಈ ಘೋಷಣೆಗೂ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ. ಇಲ್ಲದಿದ್ದರೆ ಒಬ್ಬರು ಮುಚ್ಚಿಟ್ಟ ವಿಷಯಕ್ಕೆ ಏಳು ಮಂದಿಯೂ ಆ 4 ಕೋಟಿ ಕಳೆದುಕೊಳ್ಳಬಹುದು.

ಪಾಲಿಸಿ ಮುಗಿದ ಮೇಲೂ ಕ್ಲೇಮು ತಿಳಿಸಲು ಹೆಚ್ಚುವರಿ ಅವಧಿ ಇದೆಯಂತೆ. ಅದನ್ನು ಬಳಸಿ ಹಳೆಯ 10 ಕೋಟಿ ಉಳಿಸಿಕೊಳ್ಳಬಹುದೇ?

ಸಾಮಾನ್ಯವಾಗಿ ಆಗುವುದಿಲ್ಲ. ಆ ಅವಧಿ ಇರುವುದು ಪಾಲಿಸಿಯನ್ನು ನವೀಕರಿಸದೆ, ಬೇರೆ ಕಡೆಯೂ ತೆಗೆದುಕೊಳ್ಳದೆ ಬಿಟ್ಟವರಿಗೆ. ಕಡಿಮೆ ಲಿಮಿಟಿನಲ್ಲಿ, ಹೆಚ್ಚು ಪ್ರೀಮಿಯಂಗೆ ನವೀಕರಣ ಕೊಡಲು ಬಂದರೂ ಅದು ನವೀಕರಣ ನಿರಾಕರಿಸಿದಂತೆ ಅಲ್ಲ ಎಂದು ಪಾಲಿಸಿಗಳು ಸ್ಪಷ್ಟವಾಗಿ ಬರೆಯುತ್ತವೆ. 6 ಕೋಟಿಗೆ ಒಪ್ಪಿ ನವೀಕರಿಸಿದ ಕ್ಷಣವೇ ಆ ಬಾಗಿಲು ಮುಚ್ಚಿತು. ಅವಧಿ ಸಿಕ್ಕಿದರೂ, ಮಾರ್ಚ್ 31ರ ಒಳಗೆ ನಡೆದದ್ದಕ್ಕೆ ಮಾತ್ರ, ಅದೂ ಹಳೆಯ ಲಿಮಿಟಿನಲ್ಲಿ ಉಳಿದಷ್ಟಕ್ಕೆ ಮಾತ್ರ.

'ತಾನೇ ಭರಿಸಬೇಕಾದ ಮೊತ್ತ' 10 ಲಕ್ಷ ಆಗಿದೆ. ಅದನ್ನು ಡೈರೆಕ್ಟರುಗಳು ಕೊಡಬೇಕೇ?

ಇಲ್ಲ, ಕಂಪನಿ. ಕಂಪನಿಗೆ ಕೊಡಲು ಸಾಧ್ಯವೇ ಇಲ್ಲದ ಸೈಡ್ ಎ ಕ್ಲೇಮಿಗೆ ಸಾಮಾನ್ಯವಾಗಿ ಈ ಮೊತ್ತ ಸೊನ್ನೆ. ಹೊಸ ಷೆಡ್ಯೂಲಿನಲ್ಲೂ ಸೊನ್ನೆಯೇ ಇದೆಯೇ ಎಂದು ನೋಡಿ.

ನೌಕರರ ದೂರಿನ ಒಳಲಿಮಿಟ್ 50 ಲಕ್ಷ ಎಂದರೆ, 6 ಕೋಟಿಯ ಮೇಲೆ ಇನ್ನೂ 50 ಲಕ್ಷವೇ?

ಅಲ್ಲ, 6 ಕೋಟಿಯ ಒಳಗೇ ಒಂದು ಸಣ್ಣ ಪಾತ್ರೆ. ಕೆಲಸದಿಂದ ತೆಗೆದದ್ದು, ಕಿರುಕುಳ, ತಾರತಮ್ಯದ ದೂರುಗಳಿಗೆ ಅಷ್ಟರವರೆಗೆ ಮಾತ್ರ. ಇದರಲ್ಲಿ ಖರ್ಚಾದ ಪ್ರತಿ ರೂಪಾಯಿಯೂ ದೊಡ್ಡ ಲಿಮಿಟಿನಿಂದಲೂ ಕಳೆಯುತ್ತದೆ. ಒಟ್ಟು ಲಿಮಿಟನ್ನು ಮಾತ್ರ ನೋಡಿ ಒಳಲಿಮಿಟುಗಳ ಪಟ್ಟಿಯನ್ನು ಓದದೆ ಬಿಡುವುದು ನವೀಕರಣದ ಸಾಮಾನ್ಯ ತಪ್ಪು. ಹಳೆಯ ಮತ್ತು ಹೊಸ ಷೆಡ್ಯೂಲನ್ನು ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದ ಒಂದು ಹಾಳೆಯನ್ನು ಬ್ರೋಕರಿಂದ ಕೇಳಿ ಪಡೆಯಿರಿ. ಬದಲಾದ ಷರತ್ತು, ಹೊಸದಾಗಿ ಸೇರಿದ ಹೊರಗಿಡುವಿಕೆ ಎಲ್ಲವೂ ಅದರಲ್ಲಿ ಇರಬೇಕು.

ಬ್ಯಾಂಕ್ ಸಾಲಕ್ಕೆ ನಾವು ಸ್ವಂತ ಜಾಮೀನು ಹಾಕಿದ್ದೇವೆ. ಪಾಲಿಸಿ ಅದನ್ನೂ ನೋಡಿಕೊಳ್ಳುತ್ತದೆಯೇ?

ಇಲ್ಲ. ಜಾಮೀನು ನೀವು ವೈಯಕ್ತಿಕವಾಗಿ ಬರೆದುಕೊಟ್ಟ ಒಪ್ಪಂದ. ಅದರ ಸಾಲ ಕಟ್ಟುವುದು ಡೈರೆಕ್ಟರಾಗಿ ಮಾಡಿದ ತಪ್ಪಿನ ಪರಿಹಾರವಲ್ಲ. ಲಿಮಿಟ್ ಎಷ್ಟಿದ್ದರೂ ಇದು ಬದಲಾಗದು.

ಕಂಪನಿಯ ಚೆಕ್ ಮರಳಿದಾಗ ವ್ಯವಹಾರ ನೋಡಿಕೊಳ್ಳುವ ಡೈರೆಕ್ಟರುಗಳನ್ನೂ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 141ನೇ ಕಲಮಿನಡಿ ಆರೋಪಿಯಾಗಿಸಬಹುದು. ಅಲ್ಲಿ ವಕೀಲರ ಖರ್ಚು ಪಾಲಿಸಿಯ ಮಾತುಗಳನ್ನು ನೋಡಿಕೊಂಡು ಸಿಗಬಹುದು. ಚೆಕ್ಕಿನ ಹಣ ಸಿಗುವುದಿಲ್ಲ, ಅದು ಕಂಪನಿಯ ಸಾಲ. ಕಟ್ಟದೆ ಉಳಿದ ಪಿ.ಎಫ್., ತೆರಿಗೆಗಳಿಗೂ ಇದೇ ತರ್ಕ ಹಿಡಿಯಿರಿ.

ಒಬ್ಬ ಡೈರೆಕ್ಟರು ನಿಜವಾಗಿಯೂ ಮೋಸ ಮಾಡಿದ್ದರೆ?

ಅಂತಿಮ ತೀರ್ಪಿನಲ್ಲಿ ಮೋಸ ಎಂದು ಸಾಬೀತಾದರೆ ಅವರಿಗೆ ರಕ್ಷಣೆ ಇಲ್ಲ, ಅಲ್ಲಿಯವರೆಗೆ ಕೊಟ್ಟ ಖರ್ಚನ್ನೂ ವಾಪಸು ಕೇಳಬಹುದು. ಆರೋಪ ಬಂದ ಮಾತ್ರಕ್ಕೆ ನಿಲ್ಲಿಸಬಾರದು. ಹೊಸ ಪಾಲಿಸಿಯಲ್ಲಿ 'ಅಂತಿಮ ತೀರ್ಪು' ಎಂಬ ಮಾತು ಉಳಿದಿದೆಯೇ ನೋಡಿ. ಅದರ ಬದಲು 'ವಾಸ್ತವವಾಗಿ' ಎಂಬಂಥ ಮಾತು ಬಂದಿದ್ದರೆ ತೀರ್ಪಿಗೆ ಮುಂಚೆಯೇ ವಿಮಾ ಕಂಪನಿ ಕೈ ಎತ್ತಲು ದಾರಿ ಸಿಗುತ್ತದೆ. ಲಿಮಿಟಿನ ಚರ್ಚೆಯ ಗದ್ದಲದಲ್ಲಿ ಇಂತಹ ಒಂದು ಪದದ ಬದಲಾವಣೆ ಕಣ್ತಪ್ಪುತ್ತದೆ.

ಪ್ರೀಮಿಯಂ ಕಂಪನಿ ಕಟ್ಟಿದರೆ ಅದು ಡೈರೆಕ್ಟರುಗಳ ಸಂಭಾವನೆ ಎಂದಾಗುತ್ತದೆಯೇ?

ಮ್ಯಾನೇಜಿಂಗ್ ಡೈರೆಕ್ಟರ್, ಪೂರ್ಣಾವಧಿ ಡೈರೆಕ್ಟರ್ ಮೊದಲಾದವರ ಪರವಾಗಿ ಕಂಪನಿ ಕಟ್ಟುವ ಇಂತಹ ಪ್ರೀಮಿಯಂ ಸಂಭಾವನೆ ಅಲ್ಲ ಎಂದು 2013ರ ಕಂಪನಿ ಕಾಯ್ದೆಯ 197(13)ನೇ ಕಲಮು ಹೇಳುತ್ತದೆ. ತಪ್ಪಿತಸ್ಥರೆಂದು ಸಾಬೀತಾದರೆ ಮಾತ್ರ ಅದು ಸಂಭಾವನೆಯ ಭಾಗವಾಗುತ್ತದೆ.

ಹಣ ಕಟ್ಟುವ ದಿನದ ಬಗ್ಗೆ ಎಚ್ಚರ ಬೇಕು. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮುಂಗಡ ಬರದೆ ವಿಮಾ ಕಂಪನಿ ಅಪಾಯ ಹೊರುವಂತಿಲ್ಲ. ಏಪ್ರಿಲ್ 4ಕ್ಕೆ ಹಣ ತಲುಪಿದರೆ ನಡುವೆ ಮೂರು ದಿನ ನೀವು ಬರಿಗೈ, ಹಳೆಯ ತಾರೀಕುಗಳ ನಿರಂತರತೆಯೂ ತುಂಡಾಗಬಹುದು. ಮಾರ್ಚ್ ಕೊನೆಯ ವಾರ ಬ್ಯಾಂಕಿನಲ್ಲಿ ವರ್ಷಾಂತ್ಯದ ನೂಕುನುಗ್ಗಲು; 25ರೊಳಗೆ ಕಳಿಸಿಬಿಡಿ.

ಹಾಗಾದರೆ 6 ಕೋಟಿಗೆ ಒಪ್ಪಬೇಕೇ, ಬೇಡವೇ?

ಲಿಮಿಟ್ ಏಕೆ ಇಳಿಯಿತು ಎಂಬುದರ ಮೇಲೆ ಹೋಗುತ್ತದೆ. ಪ್ರೀಮಿಯಂ ಉಳಿಸಲು ಬೋರ್ಡೇ ಕೇಳಿದ್ದರೆ ನಮ್ಮ ಸಲಹೆ: ಬೇಡ. ಹೊರಗಿನ ಹೂಡಿಕೆದಾರರು ಇರುವ, ಸಾಲದಲ್ಲಿ ಸರಕು ಪಡೆಯುವ ಕಂಪನಿಗೆ ಮೇಲಿನ ಲೆಕ್ಕವೇ ಉತ್ತರ. ಇಳಿಸಿದರೆ ಎಷ್ಟು ಪ್ರೀಮಿಯಂ ಉಳಿಯುತ್ತದೆ ಎಂದು ಬರಹದಲ್ಲಿ ಕೇಳಿ ನೋಡಿ. ಮೊದಲ ಕೋಟಿಗಳ ಬೆಲೆಯೇ ಹೆಚ್ಚು, ಮೇಲಿನ ಕೋಟಿಗಳದ್ದು ಕಡಿಮೆ. ಹಾಗಾಗಿ ಲಿಮಿಟ್ 40 ಶೇಕಡ ಇಳಿದರೂ ಪ್ರೀಮಿಯಂ ಅಷ್ಟು ಇಳಿಯುವುದಿಲ್ಲ.

ವಿಮಾ ಕಂಪನಿಯೇ 6 ಕೋಟಿಗಿಂತ ಹೆಚ್ಚು ಕೊಡಲು ಒಪ್ಪದಿದ್ದರೆ, ಮೇಲಿನ 4 ಕೋಟಿಯನ್ನು ಇನ್ನೊಂದು ವಿಮಾ ಕಂಪನಿಯಿಂದ ಎರಡನೆಯ ಪದರವಾಗಿ ತೆಗೆದುಕೊಳ್ಳಬಹುದು. ಕೆಳಗಿನ ಪಾಲಿಸಿಯ ಷರತ್ತುಗಳನ್ನೇ ಅದು ಅನುಸರಿಸಬೇಕು, ಮತ್ತು ಕೇಸುಗಳ ತಾರೀಕನ್ನು ಹಳೆಯ 10 ಕೋಟಿಯ ದಿನಕ್ಕೇ ಇಡಬೇಕು ಎಂದು ಹಟ ಹಿಡಿಯಿರಿ. ಲಿಮಿಟ್ ನಿಮ್ಮ ಬಳಿ ಮೊದಲೇ ಇತ್ತು, ಹೊಸದಾಗಿ ಏರಿಸುತ್ತಿಲ್ಲ ಎಂಬುದಕ್ಕೆ ಹಳೆಯ ಪಾಲಿಸಿಯ ಪ್ರತಿ ತೋರಿಸಿ. ಅದಕ್ಕೂ ಹಣ ಸಾಲದಿದ್ದರೆ, ಡೈರೆಕ್ಟರುಗಳಿಗೆ ಮಾತ್ರ ಮೀಸಲಾದ ಒಂದೆರಡು ಕೋಟಿಯ ಸೈಡ್ ಎ ಹೆಚ್ಚುವರಿ ಲಿಮಿಟಿಗೆ ಬೆಲೆ ಕೇಳಿ. ದಿನನಿತ್ಯದ ವ್ಯವಹಾರದಲ್ಲಿ ಇಲ್ಲದವರಿಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಬೋರ್ಡಿನ ನಡಾವಳಿಯಲ್ಲಿ ಏನು ಬರೆಯಬೇಕು?

'ಪಾಲಿಸಿ ನವೀಕರಿಸಲು ಒಪ್ಪಲಾಯಿತು' ಎಂಬ ಒಂದು ಸಾಲು ಸಾಲದು. ಹಳೆಯ ಮತ್ತು ಹೊಸ ಲಿಮಿಟ್, ಭರಿಸಬೇಕಾದ ಮೊತ್ತ, ಬದಲಾದ ಒಳಲಿಮಿಟುಗಳು, ಬೇರೆ ಯಾವ ಆಯ್ಕೆಗಳನ್ನು ಎಷ್ಟು ಪ್ರೀಮಿಯಂಗೆ ನೋಡಲಾಯಿತು, ಮಾರ್ಚ್ 31ರೊಳಗೆ ಯಾವ ಸಂದರ್ಭಗಳನ್ನು ವಿಮಾ ಕಂಪನಿಗೆ ತಿಳಿಸಲಾಯಿತು, ಪ್ರತಿ ಡೈರೆಕ್ಟರಿಗೂ ಕೇಳಿ ಉತ್ತರ ಪಡೆಯಲಾಯಿತೇ ಎಂದು ದಾಖಲಿಸಿ. ಕಳೆದ ವರ್ಷಗಳಲ್ಲಿ ರಾಜೀನಾಮೆ ಕೊಟ್ಟವರ ಪಟ್ಟಿಯನ್ನೂ ಸೇರಿಸಿ. ಪಾಲಿಸಿ ಅವರನ್ನೂ ಸಾಮಾನ್ಯವಾಗಿ ಕಾಯುತ್ತದೆ, ಆದರೆ ಈಗಿನ ಬೋರ್ಡು ಇಳಿಸಿದ ಲಿಮಿಟೇ ಅವರಿಗೂ ಅನ್ವಯ, ಮತ್ತು ಆ ಸಭೆಯಲ್ಲಿ ಅವರು ಕೂತಿರುವುದಿಲ್ಲ. ಅವರಿಗೊಂದು ಪತ್ರ ಬರೆದು ಹೊಸ ಲಿಮಿಟ್ ತಿಳಿಸಿ, ಅವರ ಬಳಿ ಯಾವುದಾದರೂ ನೋಟೀಸು ಬಂದಿದೆಯೇ ಎಂದು ಮಾರ್ಚ್ ಮಧ್ಯದೊಳಗೆ ಕೇಳಿ.